ಮೇಲ್ ಸಬ್ಜೆಕ್ಟ್‌ಗೆ ಎಮೋಜಿ ಹಾಕಿದ್ರೆ ಗಿರಾಕಿ ತೆರೆದು ನೋಡ್ತಾರಾ? ಸ್ಪ್ಯಾಮ್‌ಗೆ ಹೋಗುತ್ತಾ? ಅಂಗಡಿಯವರು ತಿಳಿಯಬೇಕಾದ ಲೆಕ್ಕ ಇಲ್ಲಿದೆ

ಹಬ್ಬ ಹತ್ತಿರ ಬಂದ ಕೂಡಲೇ ಅಂಗಡಿ, ಹೋಂಸ್ಟೇ, ಕಾಫಿಪುಡಿ, ಸೀರೆ ವ್ಯಾಪಾರದವರು ಗಿರಾಕಿಗಳಿಗೆ ಆಫರ್ ಕಳಿಸೋದು ಈಗ ಮಾಮೂಲಿ. ಊರೊಳಗಿನ ಗಿರಾಕಿಗಳಿಗೆ ವಾಟ್ಸಾಪ್ ಸಾಕು. ಆದರೆ ಬೆಂಗಳೂರು, ಪುಣೆ, ವಿದೇಶದಲ್ಲಿರುವ ಗಿರಾಕಿಗಳಿಗೆ ಇಂದಿಗೂ ಇಮೇಲ್ ಹೋಗುತ್ತೆ. ಆಗ ಮೇಲ್‌ನ ಸಬ್ಜೆಕ್ಟ್ ಸಾಲಿನಲ್ಲಿ ಒಂದು 🪔, ಒಂದು 🎁, ಮೂರು 🔥 ಹಾಕುವ ಅಭ್ಯಾಸ ಶುರುವಾಗಿದೆ. "ಎಮೋಜಿ ಹಾಕಿದ್ರೆ ಜಾಸ್ತಿ ಜನ ತೆರೀತಾರೆ" ಅಂತ ಕೆಲವರು ಹೇಳಿದ್ರೆ, "ಎಮೋಜಿ ಹಾಕಿದ್ರೆ ಮೇಲ್ ನೇರ ಸ್ಪ್ಯಾಮ್‌ಗೆ ಹೋಗುತ್ತೆ" ಅಂತ ಇನ್ನು ಕೆಲವರು ಹೆದರಿಸ್ತಾರೆ.

ಎರಡೂ ಮಾತು ಪೂರ್ತಿ ಸರಿ ಅಲ್ಲ. ಎಮೋಜಿ ಹಾಕಿದ ಒಂದೇ ಕಾರಣಕ್ಕೆ ಮೇಲ್ ಸ್ಪ್ಯಾಮ್‌ಗೆ ಬೀಳೋದಿಲ್ಲ. ಎಮೋಜಿ ಹಾಕಿದ ಮಾತ್ರಕ್ಕೆ ಗಿರಾಕಿ ಬರ್ತಾರೆ ಅನ್ನೋದಕ್ಕೂ ಗಟ್ಟಿ ಆಧಾರ ಇಲ್ಲ. ಹಾಗಾದರೆ ಎಮೋಜಿಯಿಂದ ಆಗುವ ಲಾಭ ನಷ್ಟ ಎಲ್ಲಿಂದ ಬರುತ್ತೆ, ಅದನ್ನು ತಮ್ಮ ಅಂಗಡಿಯ ಮಟ್ಟಿಗೆ ಪರೀಕ್ಷೆ ಮಾಡೋದು ಹೇಗೆ ಎಂಬ ವಿವರ ಇಲ್ಲಿದೆ.

56 ಪರ್ಸೆಂಟ್ ಎಂಬ ಮಾತು ಬಂದಿದ್ದು ಎಲ್ಲಿಂದ?

"ಎಮೋಜಿ ಹಾಕಿದರೆ ಮೇಲ್ ತೆರೆಯುವವರು ಶೇ.56ರಷ್ಟು ಹೆಚ್ಚುತ್ತಾರೆ" ಎಂಬ ಸಾಲು ಇಂಟರ್ನೆಟ್‌ನಲ್ಲಿ ವರ್ಷಗಳಿಂದ ಓಡಾಡುತ್ತಿದೆ. ಮೇಲ್ ಕಳಿಸುವ ಸರ್ವಿಸ್ ಮಾರಲು ಬರುವವರೂ ಇದನ್ನೇ ಹೇಳುತ್ತಾರೆ. ಇದರ ಮೂಲ ಎಕ್ಸ್‌ಪೀರಿಯನ್ ಎಂಬ ಕಂಪನಿ 2012ರಲ್ಲಿ ಹೊರತಂದ ವರದಿ. ಆದರೆ ಆ ವರದಿ ಹೇಳಿದ್ದೇ ಬೇರೆ. ಸಬ್ಜೆಕ್ಟ್‌ನಲ್ಲಿ ಚಿಹ್ನೆ ಬಳಸಿದ ಬ್ರ್ಯಾಂಡ್‌ಗಳ ಪೈಕಿ ಶೇ.56ರಷ್ಟು ಬ್ರ್ಯಾಂಡ್‌ಗಳಿಗೆ ಓಪನ್ ರೇಟ್ ಹೆಚ್ಚಿತ್ತು ಅಂತ ಅದರಲ್ಲಿತ್ತು.

ಎರಡಕ್ಕೂ ಅಜಗಜಾಂತರ. ನೂರು ಅಂಗಡಿಯವರು ಹೊಸ ಬೋರ್ಡ್ ಹಾಕಿ, ಅದರಲ್ಲಿ 56 ಮಂದಿಗೆ ವ್ಯಾಪಾರ ಒಂದಿಷ್ಟು ಹೆಚ್ಚಿತು ಅಂದುಕೊಳ್ಳಿ. ಹಾಗಂತ ಪ್ರತಿ ಅಂಗಡಿಯ ವ್ಯಾಪಾರವೂ ಶೇ.56 ಏರಿತು ಎನ್ನಲು ಬರುತ್ತಾ? ಉಳಿದ 44 ಮಂದಿಗೆ ಏನೂ ಏರಿಲ್ಲ. ನಾಣ್ಯ ಚಿಮ್ಮಿದರೂ ನೂರಕ್ಕೆ ಐವತ್ತು ಸಲ ಒಂದೇ ಮುಖ ಬೀಳುತ್ತೆ. 56 ಅನ್ನೋದು ಅದಕ್ಕಿಂತ ಸ್ವಲ್ಪವೇ ಮೇಲೆ.

2020ರಲ್ಲಿ ನೀಲ್ಸನ್ ನಾರ್ಮನ್ ಗ್ರೂಪ್ ಎಂಬ ಸಂಸ್ಥೆ ಇದನ್ನೇ ಜನರ ಮುಂದಿಟ್ಟು ಕೇಳಿತ್ತು. ಎಮೋಜಿ ಇರುವ ಮತ್ತು ಇಲ್ಲದ ಸಬ್ಜೆಕ್ಟ್‌ಗಳನ್ನು ತೋರಿಸಿದಾಗ, ಎಮೋಜಿಯಿಂದ ಮೇಲ್ ತೆರೆಯುವ ಮನಸ್ಸು ಹೆಚ್ಚಾಗಲಿಲ್ಲ; ಮೇಲ್ ಬಗ್ಗೆ ಕೆಟ್ಟ ಅಭಿಪ್ರಾಯ ಮಾತ್ರ ಹೆಚ್ಚಾಯಿತು. ಹಾಗಂತ ಎಮೋಜಿ ಎಲ್ಲರಿಗೂ ನಷ್ಟ ಅಂತಲೂ ಅಲ್ಲ. ಬೇರೆಯವರ ಗಿರಾಕಿಗಳ ಮೇಲೆ ಮಾಡಿದ ಲೆಕ್ಕ ನಮ್ಮ ತಾಲೂಕಿನ ಅಂಗಡಿಗೆ ಹಾಗೇ ಹೊಂದುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಅಷ್ಟೇ. ನಮ್ಮ ಗಿರಾಕಿಗಳ ಮೇಲೆ ನಾವೇ ನೋಡಬೇಕು. ಅದಕ್ಕೂ ಮೊದಲು ಓಪನ್ ರೇಟ್ ಅಂದರೆ ಏನು ಅಂತ ತಿಳಿದಿರಬೇಕು.

ಗಿರಾಕಿ ಮೇಲ್ ತೆರೆದಿದ್ದು ಅಂಗಡಿಗೆ ಗೊತ್ತಾಗೋದು ಹೇಗೆ?

ಮಾಮೂಲಿ ಜಿಮೇಲ್‌ನಿಂದ ಕಳಿಸಿದರೆ ಇದು ಗೊತ್ತಾಗಲ್ಲ. ಸಗಟಾಗಿ ಮೇಲ್ ಕಳಿಸುವ ಸರ್ವಿಸ್‌ಗಳು ಪ್ರತಿ ಮೇಲ್‌ನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವೊಂದನ್ನು ಸೇರಿಸುತ್ತವೆ. ಗಿರಾಕಿ ಮೇಲ್ ತೆರೆದಾಗ ಆ ಚಿತ್ರ ಸರ್ವಿಸ್‌ನ ಕಂಪ್ಯೂಟರ್‌ನಿಂದ ಇಳಿಯುತ್ತೆ. ಚಿತ್ರ ಇಳಿಯಿತು ಅಂದರೆ ಮೇಲ್ ತೆರೆದರು ಅಂತ ಲೆಕ್ಕ. ನೂರು ಮಂದಿಯಲ್ಲಿ 25 ಮಂದಿಗೆ ಚಿತ್ರ ಇಳಿದರೆ ಓಪನ್ ರೇಟ್ ಶೇ.25.

ಅಂದರೆ ಲೆಕ್ಕಕ್ಕೆ ಸಿಗೋದು ಚಿತ್ರ ಇಳಿದಿದ್ದು. ಮನುಷ್ಯ ಓದಿದ್ದಲ್ಲ. ಇವೆರಡೂ ಬೇರೆಯಾಗುವ ಸಂದರ್ಭಗಳಿವೆ. ಗಿರಾಕಿ ತನ್ನ ಮೇಲ್‌ನಲ್ಲಿ ಚಿತ್ರಗಳನ್ನು ಬಂದ್ ಮಾಡಿಟ್ಟಿದ್ದರೆ, ಪೂರ್ತಿ ಓದಿದ್ರೂ ಲೆಕ್ಕಕ್ಕೆ ಬರಲ್ಲ. ಇದರ ಉಲ್ಟಾ ತೊಂದರೆ ಇನ್ನೂ ದೊಡ್ಡದು. ಆ್ಯಪಲ್ ಕಂಪನಿ 2021ರ ಸೆಪ್ಟೆಂಬರ್‌ನಲ್ಲಿ ಐಒಎಸ್ 15 ಜೊತೆ ಒಂದು ಗೌಪ್ಯತೆ ಸೌಲಭ್ಯ ಕೊಟ್ಟಿತು. ಅದು ಆನ್ ಆಗಿರುವ ಐಫೋನ್‌ನ ಮೇಲ್ ಆ್ಯಪ್, ಗಿರಾಕಿ ಮೇಲ್ ತೆರೆಯಲಿ ಬಿಡಲಿ, ಆ ಸಣ್ಣ ಚಿತ್ರವನ್ನು ಮೊದಲೇ ಇಳಿಸಿಕೊಂಡುಬಿಡುತ್ತೆ. ಗಿರಾಕಿ ಫೋನ್ ಮುಟ್ಟದಿದ್ದರೂ ಅಂಗಡಿಯ ರಿಪೋರ್ಟ್‌ನಲ್ಲಿ 'ತೆರೆದಿದ್ದಾರೆ' ಅಂತ ಬರುತ್ತೆ. ಐಫೋನ್‌ನಲ್ಲಿ ಜಿಮೇಲ್ ಆ್ಯಪ್ ಬಳಸುವವರಿಗೆ ಇದು ಅನ್ವಯಿಸಲ್ಲ.

ಹಾಗಾಗಿ 2021ಕ್ಕಿಂತ ಹಿಂದಿನ ಓಪನ್ ರೇಟ್ ಜೊತೆ ಈಗಿನದನ್ನು ಹೋಲಿಸಿ "ಎಮೋಜಿ ಹಾಕಿದ ಮೇಲೆ ಏರಿತು" ಅಂದುಕೊಂಡರೆ ಮೋಸಹೋದಂತೆ. ಏರಿಸಿದ್ದು ಎಮೋಜಿ ಇರಲಿಕ್ಕಿಲ್ಲ, ಐಫೋನ್ ಇರಬಹುದು.

ಒಂದು ಉದಾಹರಣೆ: ಇಳಕಲ್ ಸೀರೆ ಅಂಗಡಿಯ ದೀಪಾವಳಿ ಮೇಲ್

ಲೆಕ್ಕ ಅರ್ಥವಾಗಲು ಒಂದು ಕಾಲ್ಪನಿಕ ಉದಾಹರಣೆ ನೋಡಿ. ಇಳಕಲ್ ಸೀರೆ ಮಾರುವ ಅಂಗಡಿಯೊಂದರ ಬಳಿ ಹೊರಊರಿನ 1,200 ಗಿರಾಕಿಗಳ ಮೇಲ್ ವಿಳಾಸ ಇದೆ ಅಂದುಕೊಳ್ಳಿ. ಅವರನ್ನು 600-600 ಎಂದು ಎರಡು ಭಾಗ ಮಾಡುತ್ತಾರೆ. ಮೊದಲ ಭಾಗಕ್ಕೆ "ದೀಪಾವಳಿಗೆ ಹೊಸ ಇಳಕಲ್ ಸೀರೆಗಳು ಬಂದಿವೆ" ಅಂತ ಸಬ್ಜೆಕ್ಟ್. ಎರಡನೇ ಭಾಗಕ್ಕೂ ಅದೇ ಮಾತು, ಮುಂದೆ ಒಂದು 🪔 ಮಾತ್ರ ಹೆಚ್ಚು. ಒಳಗಿನ ಮೇಲ್ ಒಂದೇ, ಕಳಿಸಿದ ಹೊತ್ತು ಒಂದೇ, ಕಳಿಸಿದವರ ಹೆಸರೂ ಒಂದೇ.

ಇಲ್ಲಿ ಭಾಗ ಮಾಡುವ ರೀತಿ ಮುಖ್ಯ. ಪಟ್ಟಿಯ ಮೇಲಿನ 600, ಕೆಳಗಿನ 600 ಅಂತ ಕತ್ತರಿಸಬಾರದು. ಮೇಲಿರುವವರು ಹಳೆ ಗಿರಾಕಿಗಳಾಗಿರುತ್ತಾರೆ, ಕೆಳಗಿರುವವರು ನಿನ್ನೆ ಮೊನ್ನೆ ಸೇರಿದವರು. ಇಬ್ಬರೂ ಮೇಲ್ ತೆರೆಯುವ ರೀತಿ ಬೇರೆ. ಇಸ್ಪೀಟ್ ಎಲೆ ಕಲೆಸಿದ ಹಾಗೆ ಹೆಸರುಗಳನ್ನು ಕಲೆಸಿ ಹಂಚಬೇಕು. ಹೆಚ್ಚಿನ ಮೇಲ್ ಸರ್ವಿಸ್‌ಗಳಲ್ಲಿ "A/B test" ಎಂಬ ಆಯ್ಕೆ ಇರುತ್ತೆ, ಅದು ಈ ಕೆಲಸವನ್ನು ತಾನೇ ಮಾಡುತ್ತೆ.

ಎರಡು ದಿನ ಬಿಟ್ಟು ರಿಪೋರ್ಟ್ ನೋಡಿದಾಗ, ಎಮೋಜಿ ಇಲ್ಲದ ಮೇಲ್ ತೆರೆದವರು 150. 🪔 ಇರುವ ಮೇಲ್ ತೆರೆದವರು 168. ಶೇ.25 ಎದುರು ಶೇ.28. ಮೇಲ್ನೋಟಕ್ಕೆ ದೀಪ ಗೆದ್ದಿದೆ. ಆದರೆ ನಿಜವಾಗಿ ಗೆದ್ದಿದೆಯಾ?

ಒಂದೇ ಮೇಲ್ ಅನ್ನು, ಯಾವ ಬದಲಾವಣೆಯೂ ಇಲ್ಲದೆ, ಎರಡೂ ಭಾಗಕ್ಕೆ ಕಳಿಸಿದರೂ ಎರಡು ಸಂಖ್ಯೆ ಸಮ ಬರೋದಿಲ್ಲ. ಯಾರೋ ಆ ದಿನ ಬಸ್ಸಿನಲ್ಲಿದ್ದರು, ಯಾರದೋ ಫೋನ್ ಚಾರ್ಜ್ ಇರಲಿಲ್ಲ. ಸೋಮವಾರದ ವ್ಯಾಪಾರ ಮಂಗಳವಾರದಷ್ಟೇ ಇರಲ್ಲ ಅನ್ನೋ ಹಾಗೆ ಇದು. ಈ ಏರುಪೇರು ಎಷ್ಟಿರಬಹುದು ಅಂತ ತಿಳಿಯಲು ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲೇ ಮಾಡಬಹುದಾದ ಅಂದಾಜು ಲೆಕ್ಕ ಇದೆ.

ಎರಡೂ ಭಾಗದ ಓಪನ್ ಕೂಡಿಸಿ: 150 + 168 = 318. ಅದರ ವರ್ಗಮೂಲ ತೆಗೆಯಿರಿ: ಸುಮಾರು 18. ಅದನ್ನು ಎರಡು ಪಟ್ಟು ಮಾಡಿ: 36. ಎರಡು ಭಾಗದ ನಡುವಿನ ವ್ಯತ್ಯಾಸ ಈ 36ಕ್ಕಿಂತ ಹೆಚ್ಚಿದ್ದರೆ ಮಾತ್ರ ಎಮೋಜಿಗೆ ಶ್ರೇಯ ಕೊಡಬಹುದು. ಇಲ್ಲಿ ವ್ಯತ್ಯಾಸ 18 ಮಾತ್ರ. ಹಾಗಾಗಿ ಇದು ಆಕಸ್ಮಿಕವಾಗಿಯೂ ಬರಬಹುದಾದ ವ್ಯತ್ಯಾಸ. ದೀಪ ಗೆದ್ದಿಲ್ಲ, ಸೋತೂ ಇಲ್ಲ.

ಹಾಗಾದರೆ ಏನು ಮಾಡೋದು? ಪರೀಕ್ಷೆಯನ್ನು ಮತ್ತೆ ಮಾಡಬೇಕು, ಪ್ರತಿ ಸಲ ಪಟ್ಟಿಯನ್ನು ಹೊಸದಾಗಿ ಕಲೆಸಿ. ಮೂರು ಹಬ್ಬದ ಮೇಲ್‌ಗಳ ಲೆಕ್ಕ ಕೂಡಿಸಿದಾಗ ಎಮೋಜಿ ಇಲ್ಲದ್ದು 480, ಇರುವುದು 570 ಬಂತು ಅಂದುಕೊಳ್ಳಿ. ಒಟ್ಟು 1,050, ವರ್ಗಮೂಲ ಸುಮಾರು 32, ಎರಡು ಪಟ್ಟು ಸುಮಾರು 65. ವ್ಯತ್ಯಾಸ 90. ಈಗ ಎಮೋಜಿಯಿಂದ ಪರಿಣಾಮ ಇದೆ ಅಂತ ಧೈರ್ಯವಾಗಿ ಹೇಳಬಹುದು. ಮೊದಲ ಸಲ ಹೊಸದು ಅಂತ ಕಣ್ಣಿಗೆ ಬಿದ್ದ ಚಿಹ್ನೆ ನಾಲ್ಕನೇ ಸಲಕ್ಕೆ ಮಾಮೂಲಿಯಾಗಿಬಿಡಬಹುದು. ಒಂದು ಸಲದ ಫಲಿತಾಂಶ ನಂಬಬಾರದು ಅನ್ನೋದಕ್ಕೆ ಇದೂ ಒಂದು ಕಾರಣ.

ಇನ್ನು ಐಫೋನ್ ಗೊಂದಲ. ಈ 600 ಮಂದಿಯಲ್ಲಿ 90 ಮಂದಿ ಆ್ಯಪಲ್ ಮೇಲ್ ಬಳಸುತ್ತಾರೆ ಅಂದುಕೊಂಡರೆ, 150 ಓಪನ್‌ನಲ್ಲಿ 90 ಯಂತ್ರ ಮಾಡಿದ್ದೇ ಆಗಿರಬಹುದು. ಉಳಿದ 510 ಮಂದಿಯಲ್ಲಿ ಖಾತ್ರಿಯಾಗಿ ಮನುಷ್ಯರು ತೆರೆದಿದ್ದು 60. ಶೇ.25 ಅಂತ ಕಂಡಿದ್ದು ಶೇ.12ರ ಆಸುಪಾಸಿಗೆ ಇಳಿಯಿತು. ಹೀಗಾಗಿ ಓಪನ್ ರೇಟ್ ಅನ್ನು ಎರಡು ಭಾಗ ಹೋಲಿಸಲು ಮಾತ್ರ ಬಳಸಬೇಕು. "ನಮ್ಮ ಮೇಲ್‌ನ ಕಾಲುಭಾಗ ಜನ ಓದ್ತಾರೆ" ಅಂತ ಹೇಳಲು ಬಳಸಬಾರದು.

ಇದಕ್ಕಿಂತ ಗಟ್ಟಿ ಲೆಕ್ಕ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಸಿಗುತ್ತೆ. ಎರಡು ಭಾಗಕ್ಕೂ ಬೇರೆ ಬೇರೆ ಕೂಪನ್ ಪದ ಕೊಡಿ. ಒಂದಕ್ಕೆ 'ಸೆರಗು', ಇನ್ನೊಂದಕ್ಕೆ 'ಅಂಚು'. ಆರ್ಡರ್ ಮಾಡುವಾಗ ಯಾವ ಪದ ಹೇಳುತ್ತಾರೆ ಅಂತ ಪುಸ್ತಕದಲ್ಲಿ ಗೆರೆ ಎಳೆಯುತ್ತಾ ಹೋಗಿ. ಯಂತ್ರ ಚಿತ್ರ ಇಳಿಸಬಹುದು, ಸೀರೆ ಕೊಳ್ಳಲ್ಲ. 'ಸೆರಗು' 14, 'ಅಂಚು' 19 ಬಂದರೆ ಅದೇ ವರ್ಗಮೂಲದ ಲೆಕ್ಕ ಹಾಕಿ: ಒಟ್ಟು 33, ವರ್ಗಮೂಲ ಸುಮಾರು 6, ಎರಡು ಪಟ್ಟು 12. ವ್ಯತ್ಯಾಸ 5. ಇನ್ನೂ ಕಾಯಬೇಕು ಅಂತ ಅರ್ಥ.

ಸ್ಪ್ಯಾಮ್ ಫಿಲ್ಟರ್ ಎಮೋಜಿಯನ್ನು ಹೇಗೆ ನೋಡುತ್ತೆ?

ಮೇಲ್ ವ್ಯವಸ್ಥೆ ಹುಟ್ಟಿದ ಕಾಲದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಮಾತ್ರ ಜಾಗ ಇತ್ತು. ಬೇರೆ ಭಾಷೆಯ ಅಕ್ಷರ ಅಥವಾ ಎಮೋಜಿ ಸಬ್ಜೆಕ್ಟ್‌ನಲ್ಲಿ ಬಂದರೆ, ಅದನ್ನು ಇಂಗ್ಲಿಷ್ ಅಕ್ಷರಗಳ ಗುಂಪಾಗಿ ಬದಲಿಸಿ ಕಳಿಸಲಾಗುತ್ತೆ. "🪔 Deepavali" ಅಂತ ಬರೆದ ಸಬ್ಜೆಕ್ಟ್ ದಾರಿಯಲ್ಲಿ ಹೋಗುವಾಗ ಹೀಗಿರುತ್ತೆ:

```
Subject: =?UTF-8?B?8J+qlCBEZWVwYXZhbGk=?=
```

ತಲುಪಿದ ಮೇಲೆ ಗಿರಾಕಿಯ ಫೋನ್ ಇದನ್ನು ಮತ್ತೆ ದೀಪವಾಗಿ ತೋರಿಸುತ್ತೆ. ಕನ್ನಡದಲ್ಲಿ ಬರೆದ ಸಬ್ಜೆಕ್ಟ್ ಕೂಡ ಇದೇ ರೀತಿ ಬದಲಾಗಿಯೇ ಹೋಗೋದು. ಅಂದರೆ ಕನ್ನಡ ಸಬ್ಜೆಕ್ಟ್ ಇರುವ ಮೇಲ್‌ಗೆ ಎಮೋಜಿ ಸೇರಿಸಿದರೆ ಸಾಗುವ ವಿಧಾನದಲ್ಲಿ ಹೊಸದೇನೂ ಆಗಲ್ಲ. ಇದೇ ಸ್ಪ್ಯಾಮ್‌ನ ಗುರುತಾಗಿದ್ದರೆ ಕನ್ನಡದ ಮೇಲ್‌ಗಳೆಲ್ಲ ಸ್ಪ್ಯಾಮ್‌ಗೆ ಬೀಳಬೇಕಿತ್ತು.

ತೊಂದರೆ ಬರೋದು ಈ ಬದಲಾವಣೆ ಮಾಡದೆ ಕಳಿಸಿದಾಗ. ಅಂಗಡಿಯ ವೆಬ್‌ಸೈಟ್ ಅಥವಾ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟವರು ಮೇಲ್ ಕಳಿಸುವ ಭಾಗವನ್ನು ತಾವೇ ಬರೆದಿದ್ದರೆ, ಕೆಲವೊಮ್ಮೆ ಎಮೋಜಿಯನ್ನು ಹಸಿಹಸಿಯಾಗಿ ಸಬ್ಜೆಕ್ಟ್‌ಗೆ ತುರುಕಿರುತ್ತಾರೆ. ಸ್ಪ್ಯಾಮ್‌ಅಸ್ಯಾಸಿನ್ ಎಂಬ ಉಚಿತ ಫಿಲ್ಟರ್ ಅನೇಕ ಮೇಲ್ ಸರ್ವರ್‌ಗಳಲ್ಲಿ ಇದೆ. ಅದು ಮೇಲ್‌ನ ಒಂದೊಂದು ದೋಷಕ್ಕೂ ಅಂಕ ಕೊಡುತ್ತಾ ಹೋಗುತ್ತೆ, ಸಾಮಾನ್ಯವಾಗಿ ಒಟ್ಟು 5 ಅಂಕ ದಾಟಿದರೆ ಸ್ಪ್ಯಾಮ್ ಅಂತ ಗುರುತು ಹಾಕುತ್ತೆ. ಬದಲಾಯಿಸದ ಅಕ್ಷರಗಳು ಸಬ್ಜೆಕ್ಟ್‌ನಲ್ಲಿ ಇದ್ದರೆ ಅದಕ್ಕೂ ಅಲ್ಲಿ ನಿಯಮ ಇದೆ, ಹೆಸರು `SUBJ_ILLEGAL_CHARS`. ಸಬ್ಜೆಕ್ಟ್ ಪೂರ್ತಿ ಇಂಗ್ಲಿಷ್ ದೊಡ್ಡಕ್ಷರದಲ್ಲಿದ್ದರೂ ಒಂದು ನಿಯಮ ಇದೆ. ಅಂದರೆ ಅಲ್ಲಿ ಅಂಕ ಬೀಳೋದು ಕಳಿಸಿದ ರೀತಿ ಕೆಟ್ಟಿದ್ದಕ್ಕೆ.

ಇನ್ನೊಂದು ವಿಚಿತ್ರ ತೊಂದರೆ ಇದೆ: ಕನ್ನಡ ಸರಿಯಾಗಿ ಬರುತ್ತೆ, ಎಮೋಜಿ ಜಾಗದಲ್ಲಿ ಮಾತ್ರ `????` ಬರುತ್ತೆ. ಕಾರಣ ಸರಳ. ಕನ್ನಡದ ಒಂದು ಅಕ್ಷರ ಸಂಕೇತಕ್ಕೆ ಕಂಪ್ಯೂಟರ್‌ನಲ್ಲಿ 3 ಬೈಟ್ ಜಾಗ ಸಾಕು, 🪔 ತರಹದ ಎಮೋಜಿಗೆ 4 ಬೈಟ್ ಬೇಕು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನ ಹಳೆ `utf8` ವ್ಯವಸ್ಥೆಯಲ್ಲಿ 3 ಬೈಟ್‌ವರೆಗೆ ಮಾತ್ರ ಹಿಡಿಯುತ್ತೆ. ಸಾಫ್ಟ್‌ವೇರ್ ಮಾಡಿದವರಿಗೆ "`utf8mb4`ಗೆ ಬದಲಾಯಿಸಿ" ಅಂದರೆ ಸಾಕು, ಅವರಿಗೆ ಅರ್ಥವಾಗುತ್ತೆ. ಸಬ್ಜೆಕ್ಟ್‌ನಲ್ಲಿ ಪ್ರಶ್ನೆ ಚಿಹ್ನೆಗಳ ಸಾಲು ಕಂಡ ಗಿರಾಕಿ ಮೇಲ್ ತೆರೆಯುವ ಬದಲು ಅನುಮಾನ ಪಡುತ್ತಾರೆ.

ಫಿಲ್ಟರ್‌ಗೆ ಎಮೋಜಿ ಒಂದು ಪದ ಇದ್ದ ಹಾಗೆ

ಕಲಿಯುವ ಫಿಲ್ಟರ್‌ಗಳು ಜನರು ಯಾವ ಮೇಲ್ ಅನ್ನು ಸ್ಪ್ಯಾಮ್ ಅಂತ ಒತ್ತಿದರು, ಯಾವುದನ್ನು ಇಟ್ಟುಕೊಂಡರು ಅಂತ ನೋಡಿ ಪಾಠ ಕಲಿಯುತ್ತವೆ. 'ಉಚಿತ', 'ಲಾಟರಿ' ಎಂಬ ಪದ ಸ್ಪ್ಯಾಮ್‌ನಲ್ಲಿ ಹೆಚ್ಚು ಸಿಕ್ಕರೆ ಆ ಪದದ ಮೇಲೆ ಅನುಮಾನ ಬೆಳೆಯುತ್ತೆ. 🔥, 💰 ಕೂಡ ಹಾಗೇ. ಆದರೆ ಒಂದೇ ಪದ ನೋಡಿ ಯಾರೂ ತೀರ್ಪು ಕೊಡಲ್ಲ. ಕಳಿಸಿದವರು ಯಾರು, ಅವರ ಹಿಂದಿನ ಮೇಲ್‌ಗಳನ್ನು ಜನ ಏನು ಮಾಡಿದರು, ಒಳಗಿನ ಲಿಂಕ್ ಎಲ್ಲಿಗೆ ಹೋಗುತ್ತೆ ಎಂಬುದರ ತೂಕ ಜಾಸ್ತಿ. ಪರಿಚಯದ ಗಿರಾಕಿ ಸಾಲ ಕೇಳಿದರೆ ಕೊಡ್ತೀವಿ, ಅಪರಿಚಿತ ಅದೇ ಮಾತು ಕೇಳಿದರೆ ಕೊಡಲ್ಲ. ಹಾಗೆಯೇ ಒಳ್ಳೆ ಹೆಸರಿರುವ ವಿಳಾಸದಿಂದ ಬಂದ 🎁 ದಾಟಿ ಹೋಗುತ್ತೆ, ಹೆಸರು ಕೆಟ್ಟವರದ್ದು ಸಿಕ್ಕಿಬೀಳುತ್ತೆ.

ಅಕ್ಷರದ ಮಧ್ಯೆ ಎಮೋಜಿ ತೂರಿಸಿ "FR🔥EE" ಅಂತ ಬರೆದರೆ ಫಿಲ್ಟರ್‌ಗೆ ಗೊತ್ತಾಗಲ್ಲ ಎಂಬ ಉಪಾಯ ಈಗ ನಡೆಯಲ್ಲ. ಒಂದೇ ತರ ಕಾಣುವ ಅಕ್ಷರ, ಕಾಣದ ಅಕ್ಷರ ಬಳಸಿ ಮಾಡುವ ಇಂಥ ವೇಷಗಳನ್ನು ಹಿಡಿಯುವ ಹೊಸ ತಂತ್ರವನ್ನು ಜಿಮೇಲ್‌ನಲ್ಲಿ ಬಳಸುತ್ತಿರುವುದಾಗಿ ಗೂಗಲ್ 2023ರಲ್ಲೇ ಹೇಳಿದೆ. ಇಂಥ ಆಟ ಆಡಿದರೆ ಒಳ್ಳೆ ಅಂಗಡಿಯೂ ವಂಚಕರ ಸಾಲಿನಲ್ಲಿ ನಿಲ್ಲಬೇಕಾಗುತ್ತೆ.

ನಿಜವಾದ ಅಪಾಯ: ನಾಲ್ಕು ಮಂದಿ ಸಿಟ್ಟಾದರೆ ಸಾಕು

ಎಮೋಜಿಗೂ ಸ್ಪ್ಯಾಮ್‌ಗೂ ಇರುವ ಮುಖ್ಯ ನಂಟು ಇಲ್ಲಿದೆ. ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಮೇಲ್ ಕಳಿಸುವವರಿಗೆ ನಿಯಮ ಬಿಗಿ ಮಾಡಿವೆ. ಮೇಲ್ ಪಡೆದವರಲ್ಲಿ "Report spam" ಒತ್ತುವವರ ಪ್ರಮಾಣ ಶೇ.0.3 ಮುಟ್ಟಬಾರದು, ಶೇ.0.1ಕ್ಕಿಂತ ಕೆಳಗಿದ್ದರೆ ಒಳ್ಳೆಯದು ಎಂದು ಗೂಗಲ್ ಹೇಳುತ್ತೆ.

ಸೀರೆ ಅಂಗಡಿಯ 1,200 ಮಂದಿಗೆ ಇದನ್ನು ಅನ್ವಯಿಸಿ ನೋಡಿ. 1,200ಕ್ಕೆ ಶೇ.0.3 ಅಂದರೆ 3.6. ನಾಲ್ಕು ಮಂದಿ ಆ ಬಟನ್ ಒತ್ತಿದರೆ ಗೆರೆ ದಾಟಿದ ಹಾಗೆ. ಶೇ.0.1 ಅಂದರೆ ಒಬ್ಬರು ಒತ್ತಿದರೆ ಸರಿ, ಇಬ್ಬರು ಒತ್ತಿದರೆ ಹೆಚ್ಚು.

ಈಗ "🔥🔥🔥 ಬೇಗ ಬನ್ನಿ 🔥🔥🔥 ಇಂದೇ ಕೊನೆ 😱" ಅಂತ ವಾರಕ್ಕೆ ಮೂರು ಸಲ ಕಳಿಸಿದರೆ ಏನಾಗುತ್ತೆ ಯೋಚಿಸಿ. ಫಿಲ್ಟರ್ ಬೆಂಕಿ ನೋಡಿ ತಡೆಯಲಿಕ್ಕಿಲ್ಲ. ಆದರೆ ಮೇಲ್ ನೋಡಿ ಬೇಸತ್ತ ನಾಲ್ಕು ಮಂದಿ ಬಟನ್ ಒತ್ತುತ್ತಾರೆ. ಮುಂದಿನ ಸಲ ಸಾದಾ ಅಕ್ಷರದಲ್ಲಿ ಕಳಿಸಿದರೂ ಅಂಗಡಿಯ ಮೇಲ್ ಸ್ಪ್ಯಾಮ್‌ಗೆ ಹೋಗಲು ಶುರುವಾಗಬಹುದು. ಆಗ ಆರ್ಡರ್ ರಸೀದಿ, ಕೊರಿಯರ್ ವಿವರದ ಮೇಲ್ ಕೂಡ ಗಿರಾಕಿಗೆ ಕಾಣಲ್ಲ. ನಷ್ಟ ಎಮೋಜಿಯದ್ದಲ್ಲ, ಕೆಟ್ಟ ಹೆಸರಿನದ್ದು. ಎಮೋಜಿ ಅದಕ್ಕೆ ದಾರಿ ಮಾಡಿಕೊಟ್ಟಿರುತ್ತೆ.

ಇದೇ ಕಾರಣಕ್ಕೆ ಮೇಲ್‌ನಲ್ಲಿ "Unsubscribe" ಲಿಂಕ್ ಸುಲಭವಾಗಿ ಕಾಣುವ ಹಾಗಿರಬೇಕು. ಬೇಡ ಅನ್ನುವವರು ಅದನ್ನು ಒತ್ತಿ ಹೊರಹೋದರೆ ಅಂಗಡಿಗೆ ನಷ್ಟ ಇಲ್ಲ. ಅದು ಸಿಗದೆ ಸ್ಪ್ಯಾಮ್ ಬಟನ್ ಒತ್ತಿದರೆ ನಷ್ಟ.

@gmail.com ವಿಳಾಸ ಬಳಸುವವರು ಗಮನಿಸಿ

ಅನೇಕ ಸಣ್ಣ ವ್ಯಾಪಾರಿಗಳ ಮೇಲ್ ಸ್ಪ್ಯಾಮ್‌ಗೆ ಬೀಳಲು ಎಮೋಜಿಗಿಂತ ಇದು ದೊಡ್ಡ ಕಾರಣ. ಸಗಟು ಮೇಲ್ ಸರ್ವಿಸ್‌ಗೆ ಸೇರಿ, ಕಳಿಸುವವರ ವಿಳಾಸದಲ್ಲಿ ಅಂಗಡಿಯ ಉಚಿತ ಜಿಮೇಲ್ ವಿಳಾಸವನ್ನೇ ಕೊಟ್ಟಿರುತ್ತಾರೆ. ಮೇಲ್ ಹೊರಡೋದು ಬೇರೆ ಕಂಪನಿಯ ಸರ್ವರ್‌ನಿಂದ, ವಿಳಾಸ ಮಾತ್ರ ಜಿಮೇಲ್‌ನದ್ದು. ಇದು ಬೇರೆಯವರ ಲೆಟರ್‌ಹೆಡ್‌ನಲ್ಲಿ ಪತ್ರ ಬರೆದಂತೆ ಅಂತ ಪರಿಗಣಿಸಿ ಇಂಥ ಮೇಲ್‌ಗಳನ್ನು ಸ್ಪ್ಯಾಮ್‌ಗೆ ತಳ್ಳುವ ನಿಯಮವನ್ನು 2024ರ ಬದಲಾವಣೆಯಲ್ಲಿ ಗೂಗಲ್ ತಂದಿದೆ. ಉಚಿತ ಜಿಮೇಲ್‌ನಿಂದ ನೇರವಾಗಿ ಕಳಿಸೋಣ ಅಂದರೆ ದಿನಕ್ಕೆ 500 ಮಂದಿಯ ಮಿತಿ ಇದೆ. ದಾಟಿದರೆ ಮೇಲ್ ಕಳಿಸೋದನ್ನೇ ಕೆಲ ಹೊತ್ತು ನಿಲ್ಲಿಸುತ್ತಾರೆ.

ಪರಿಹಾರ ಅಂದರೆ ಅಂಗಡಿಯದ್ದೇ ಹೆಸರಿನ ಡೊಮೈನ್ ಕೊಂಡು, ಮೇಲ್ ಸರ್ವಿಸ್‌ನವರು ಕೊಡುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ದಾಖಲೆ ಸಾಲುಗಳನ್ನು ಆ ಡೊಮೈನ್‌ಗೆ ಸೇರಿಸೋದು. ಮೇಲ್ ನಿಜಕ್ಕೂ ಈ ಅಂಗಡಿಯದ್ದೇ ಎಂದು ಹೇಳುವ ಮೊಹರು ಇದ್ದ ಹಾಗೆ ಇವು.

ಸರಿಯಾಗಿದೆಯಾ ಅಂತ ನೋಡೋದು ಸುಲಭ. ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಕಳಿಸಿ, ಕಂಪ್ಯೂಟರ್‌ನಲ್ಲಿ ತೆರೆದು, ಬಲಗಡೆಯ ಮೂರು ಚುಕ್ಕೆ ಒತ್ತಿ "Show original" ಆಯ್ಕೆ ಮಾಡಿ. ಅಲ್ಲಿ ಈ ಮೂರಕ್ಕೂ `PASS` ಅಂತ ಇರಬೇಕು. `FAIL` ಇದ್ದರೆ ಎಮೋಜಿ ತೆಗೆದು ಪ್ರಯೋಜನ ಇಲ್ಲ, ಮೊದಲು ಇದನ್ನು ಸರಿ ಮಾಡಿಸಬೇಕು. ಮೇಲ್ ಸ್ಪ್ಯಾಮ್ ಫೋಲ್ಡರ್‌ನಲ್ಲೇ ಸಿಕ್ಕರೆ, ಅದರ ಮೇಲ್ಭಾಗದಲ್ಲಿ ಯಾಕೆ ಅಲ್ಲಿ ಹಾಕಲಾಗಿದೆ ಅಂತ ಜಿಮೇಲ್ ಒಂದು ಸಾಲಿನಲ್ಲಿ ಕಾರಣ ಬರೆದಿರುತ್ತೆ. ಮೇಲ್ "Promotions" ಎಂಬ ಟ್ಯಾಬ್‌ಗೆ ಹೋಗಿದ್ದರೆ ಗಾಬರಿ ಬೇಡ. ಅದು ಸ್ಪ್ಯಾಮ್ ಅಲ್ಲ, ಆಫರ್ ಮೇಲ್‌ಗಳ ಜಾಗ.

ಹಾಕೋದೇ ಆದರೆ ಹೇಗೆ ಹಾಕಬೇಕು?

- ಒಂದು ಸಬ್ಜೆಕ್ಟ್‌ಗೆ ಒಂದೇ ಎಮೋಜಿ ಸಾಕು. ಕಣ್ಣು ಕಾಣದವರ ಫೋನ್ ಪ್ರತಿ ಎಮೋಜಿಯ ಹೆಸರನ್ನೂ ಗಟ್ಟಿಯಾಗಿ ಓದುತ್ತೆ. ಮೂರು 🔥 ಇದ್ದರೆ ಅಷ್ಟೂ ಸಲ ಬೆಂಕಿಯ ಹೆಸರು ಕೇಳಿದ ಮೇಲೆಯೇ ಅವರಿಗೆ ವಿಷಯ ಸಿಗೋದು.

- ಪದದ ಬದಲಿಗೆ ಎಮೋಜಿ ಬಳಸಬೇಡಿ. "ಹೊಸ 🥻 ಬಂದಿವೆ" ಅಂತ ಬರೆದರೆ, ಆ ಚಿತ್ರ ಕಾಣದ ಫೋನ್‌ನಲ್ಲಿ ಏನು ಬಂದಿದೆ ಅಂತಲೇ ತಿಳಿಯಲ್ಲ. 🪔 ಮತ್ತು 🥻 ಎಮೋಜಿ ಪಟ್ಟಿಗೆ ಸೇರಿದ್ದು 2019ರಲ್ಲಿ. ಅದಕ್ಕಿಂತ ಹಳೆಯ, ಅಪ್‌ಡೇಟ್ ಆಗದ ಫೋನ್‌ಗಳಲ್ಲಿ ಖಾಲಿ ಚೌಕ ಕಾಣುತ್ತೆ. ಆರು ತಿಂಗಳ ನಂತರ ಗಿರಾಕಿ "ಸೀರೆ" ಅಂತ ಹುಡುಕಿದರೂ ಆ ಮೇಲ್ ಸಿಗಲಿಕ್ಕಿಲ್ಲ.

- ಸಬ್ಜೆಕ್ಟ್‌ನ ಮುಖ್ಯ ಮಾತು ಮೊದಲಿರಲಿ. ಫೋನ್ ಪರದೆಯಲ್ಲಿ ಸಬ್ಜೆಕ್ಟ್‌ನ ಮುಂಭಾಗ ಮಾತ್ರ ಕಾಣುತ್ತೆ. ಎಮೋಜಿ ಕೊನೆಯಲ್ಲಿದ್ದು ಕತ್ತರಿಸಿ ಹೋದರೆ ನಷ್ಟ ಇಲ್ಲ, ಸೀರೆ ಎಂಬ ಮಾತು ಕತ್ತರಿಸಿ ಹೋದರೆ ನಷ್ಟ.

- ಬಿಲ್, ರಸೀದಿ, ಬಾಕಿ ನೆನಪಿಸುವ ಮೇಲ್‌ಗೆ ಎಮೋಜಿ ಬೇಡ. ಇಂಥ ಮೇಲ್‌ನಲ್ಲಿ ⚠️ ಕಂಡರೆ ವಂಚನೆ ಇರಬಹುದು ಅಂತ ಗಿರಾಕಿ ತೆರೆಯದೇ ಬಿಡುವ ಸಾಧ್ಯತೆ ಹೆಚ್ಚು.

ಮೇಲ್ ಪಡೆಯುವವರಿಗೂ ಒಂದು ಮಾತು

ಎಮೋಜಿಯನ್ನು ವಂಚಕರೂ ಬಳಸುತ್ತಾರೆ. ಬ್ಯಾಂಕ್ ಹೆಸರಿನ ಪಕ್ಕ ✅ ಹಾಕಿ 'ಅಧಿಕೃತ' ಎಂಬಂತೆ ತೋರಿಸೋದು, "⚠️ ಕೆವೈಸಿ ಬಾಕಿ" ಅಂತ ಹೆದರಿಸೋದು ಇದರಲ್ಲಿ ಸೇರಿದೆ. ಹೆಸರಿನ ಜಾಗದಲ್ಲಿ ಯಾರು ಬೇಕಾದರೂ ✅ ಟೈಪ್ ಮಾಡಬಹುದು, ಅದಕ್ಕೆ ಯಾವ ಬೆಲೆಯೂ ಇಲ್ಲ. ಹೆಸರಿನ ಮೇಲೆ ಒತ್ತಿ, ಹಿಂದೆ ಇರುವ ಪೂರ್ತಿ ಮೇಲ್ ವಿಳಾಸ ನೋಡಿ. @ ಆದ ಮೇಲೆ ಇರುವುದು ಬ್ಯಾಂಕಿನ ಸ್ವಂತ ಡೊಮೈನ್ ಅಲ್ಲದಿದ್ದರೆ ಲಿಂಕ್ ಒತ್ತಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅಥವಾ `cybercrime.gov.in`ನಲ್ಲಿ ದೂರು ಕೊಡಿ.

ಅಂಗಡಿಯವರು ಈ ಹಬ್ಬಕ್ಕೆ ಮೇಲ್ ಕಳಿಸುವ ಮೊದಲು ಕ್ರಮವಾಗಿ ಮೂರು ಕೆಲಸ ಮಾಡಿದರೆ ಸಾಕು. "Show original"ನಲ್ಲಿ ಮೂರೂ `PASS` ಇದೆಯಾ ನೋಡೋದು, ಪಟ್ಟಿಯನ್ನು ಕಲೆಸಿ ಎರಡು ಭಾಗ ಮಾಡೋದು, ಎರಡು ಬೇರೆ ಕೂಪನ್ ಪದ ಕೊಡೋದು. ದೀಪ ಹಾಕಿದ್ದು ಲಾಭವೋ ಅಲ್ಲವೋ ಅನ್ನೋದನ್ನು ಆಮೇಲೆ ಅಂಗಡಿಯ ಲೆಕ್ಕದ ಪುಸ್ತಕವೇ ಹೇಳುತ್ತೆ.